ಎರಡು ವರ್ಷ ಬಳಸಿದ ಪುಟ್ಟ ಪೊಟೆನ್ಷಿಯೊಸ್ಟಾಟ್: ಯಂತ್ರ ಚೆನ್ನ, ಕ್ಲಿಪ್ ಕೆಟ್ಟದ್ದು

ನಮ್ಮ ಪದವಿ ಕಾಲೇಜಿನ ರಸಾಯನ ವಿಭಾಗಕ್ಕೆ ದೊಡ್ಡ ಕಂಪನಿಗಳ ಯಂತ್ರ ಕೈಗೆಟುಕದ ಮಾತು. ಹಾಗಾಗಿ ಯುಎಸ್‌ಬಿಗೆ ಸಿಕ್ಕಿಸುವ, ಅಂಗೈಯಷ್ಟು ದೊಡ್ಡ ಪೊಟೆನ್ಷಿಯೊಸ್ಟಾಟ್ ಕೊಂಡೆವು. ದ್ರಾವಣದಲ್ಲಿಟ್ಟ ಎಲೆಕ್ಟ್ರೋಡಿನ ವಿಭವವನ್ನು ಏರಿಳಿಸುತ್ತ, ಆಗ ಹರಿಯುವ ಪ್ರವಾಹವನ್ನು ಅಳೆಯುವುದು ಅದರ ಕೆಲಸ. ಅದರ ಗುಣವಿಶೇಷಗಳನ್ನು ಮಾರುವವರ ಪುಟದಲ್ಲಿ ನೋಡಿಕೊಳ್ಳಿ. ನಾನು ಹೇಳಬೇಕಾದದ್ದು ಒಂದು ಕ್ಲಿಪ್ಪಿನ ಕಥೆ.

ಮೊದಲ ವರ್ಷ ಸುಖವಾಗಿತ್ತು. ಬೆಳಿಗ್ಗೆ ಹೋದ ಕೂಡಲೇ ಮೂರು ಮಿಲಿಮೀಟರ್ ವ್ಯಾಸದ ಗಾಜಿನಂಥ ಕಾರ್ಬನ್ ಎಲೆಕ್ಟ್ರೋಡನ್ನು ಒದ್ದೆ ಪ್ಯಾಡಿನ ಮೇಲೆ ಅಲ್ಯೂಮಿನಾ ಪುಡಿ ಹಾಕಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜುವುದು ನನ್ನ ನಿತ್ಯಕರ್ಮ. ತುದಿಯಲ್ಲಿ ಮುಖ ಕಾಣುವಷ್ಟು ಹೊಳಪು ಬಂದ ಮೇಲೆ ತೊಳೆದು, ಹಳದಿ ಫೆರಿಸಯನೈಡ್ ದ್ರಾವಣಕ್ಕೆ ಇಳಿಸುತ್ತೇನೆ. (ಇದಕ್ಕೆ ಆಮ್ಲ ಮಾತ್ರ ಬೆರೆಸಬೇಡಿ.) ವಿಭವ ಕೆಳಗಿಳಿಯುವಾಗ ಪ್ರವಾಹದ ರೇಖೆಯಲ್ಲಿ ಅಪಕರ್ಷಣದ ಒಂದು ಶೃಂಗ, ಮರಳಿ ಏರುವಾಗ ಉತ್ಕರ್ಷಣದ ಇನ್ನೊಂದು, ಎರಡರ ನಡುವಿನ ಅಂತರ 65 ಮಿಲಿವೋಲ್ಟ್ ಆಸುಪಾಸು. ಒಂದೇ ಎಲೆಕ್ಟ್ರಾನ್ ಎರಡೂ ದಿಕ್ಕಿಗೆ ಸಲೀಸಾಗಿ ದಾಟುವ ಆದರ್ಶ ಪರಾವರ್ತ್ಯ ಜೋಡಿಗೆ 25 ಡಿಗ್ರಿಯಲ್ಲಿ ಸುಮಾರು 59 ಬರಬೇಕು. ಫೆರಿಸಯನೈಡ್ ಅಷ್ಟು ಸಾಧುವಲ್ಲ, ಆದ್ದರಿಂದ 65 ಬಂದರೆ ನಾನು ಚಹಾ ಕುಡಿಯಲು ಹೋಗುತ್ತಿದ್ದೆ.

ಎರಡನೆಯ ವರ್ಷ ರೇಖೆಗಳು ಹಿಗ್ಗಲಾರಂಭಿಸಿದವು. 5 ಮಿಲಿಮೋಲಾರ್ ದ್ರಾವಣದಲ್ಲಿ ವಿಭವವನ್ನು ಸೆಕೆಂಡಿಗೆ 25 ಮಿಲಿವೋಲ್ಟ್ ವೇಗದಲ್ಲಿ ಓಡಿಸಿದರೆ ಅಂತರ 95, 100ರ ವೇಗದಲ್ಲಿ 135, 400ರ ವೇಗದಲ್ಲಿ 200. ನಿಜವಾದ ಪರಾವರ್ತ್ಯ ಜೋಡಿಯಲ್ಲಿ ಸ್ಕ್ಯಾನ್ ವೇಗ ಏರಿದರೆ ಶೃಂಗಗಳು ಎತ್ತರವಾಗಬೇಕೇ ಹೊರತು ಒಂದರಿಂದೊಂದು ದೂರ ಸರಿಯಬಾರದು. ತಮಾಷೆಯೆಂದರೆ ಎತ್ತರದ ಲೆಕ್ಕ ಹೆಚ್ಚೇನೂ ಕೆಟ್ಟಿರಲಿಲ್ಲ. ವೇಗ ನಾಲ್ಕು ಪಟ್ಟಾದಾಗಲೆಲ್ಲ ಶೃಂಗಪ್ರವಾಹ ಹೆಚ್ಚು ಕಡಿಮೆ ಇಮ್ಮಡಿ: 41, 79, 152 ಮೈಕ್ರೋಆಂಪಿಯರ್. ವೇಗದ ವರ್ಗಮೂಲದ ಎದುರು ಗುರುತಿಸಿದರೆ ಹತ್ತಿರಹತ್ತಿರ ಸರಳರೇಖೆ. ಅದನ್ನು ನೋಡಿ ‘ಪರಾವರ್ತ್ಯ’ ಎಂದು ಬರೆದುಕೊಟ್ಟ ವಿದ್ಯಾರ್ಥಿಗಳಿಗೆ ನಾನು ಅಂಕ ಕೊಡಲಿಲ್ಲ. ಆ ರೇಖೆ ಹೇಳುವುದು ಅಯಾನುಗಳು ವಿಸರಣದಿಂದ ಬರುತ್ತಿವೆ ಎಂದಷ್ಟೆ. ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ದಾಟುತ್ತಿದೆ ಎಂಬುದನ್ನಲ್ಲ.

ಮಾರಿದವರಿಗೆ ಫೋನ್ ಮಾಡಿದೆ. “ಎಲೆಕ್ಟ್ರೋಡ್ ಪಾಲಿಶ್ ಮಾಡಿ ನೋಡಿ ಸರ್” ಎಂದರು. ಮಾಡಿದೆ. ಮತ್ತೆ ಫೋನ್ ಮಾಡಿದೆ, ಅದೇ ಉತ್ತರ. ಮೂರು ವಾರ ಉಜ್ಜಿದ್ದೇ ಬಂತು.

ಸಿಟ್ಟಿನಲ್ಲಿ ಒಂದು ದಿನ ದ್ರಾವಣವನ್ನೇ ಬದಲಿಸಿದೆ. ಯೋಚನೆ ಸರಳ. ಅಂತರ ಹಿಗ್ಗಲು ಮುಖ್ಯವಾಗಿ ಎರಡು ಕಾರಣಗಳು: ಎಲೆಕ್ಟ್ರಾನ್ ವಿನಿಮಯ ನಿಧಾನವಾಗಿರಬೇಕು, ಇಲ್ಲವೇ ದಾರಿಯಲ್ಲೆಲ್ಲೋ ರೋಧ ಇದ್ದು ಒಂದಿಷ್ಟು ವೋಲ್ಟೇಜನ್ನು ನುಂಗುತ್ತಿರಬೇಕು. ವೇಗ ಏರಿದಾಗ ಎರಡೂ ಒಂದೇ ವೇಷ ತೊಡುತ್ತವೆ. ಆದರೆ ಫೆರಿಸಯನೈಡ್ ಪ್ರಮಾಣವನ್ನು ಐದನೇ ಒಂದು ಭಾಗಕ್ಕೆ ಇಳಿಸಿದರೆ ಪ್ರವಾಹವೂ ಅಷ್ಟೇ ಇಳಿಯುತ್ತದೆ, ರೋಧ ನುಂಗುವ ವೋಲ್ಟೇಜೂ ಇಳಿಯುತ್ತದೆ. ವಿನಿಮಯದ ನಿಧಾನಕ್ಕೆ ಪ್ರಮಾಣದ ಹಂಗಿಲ್ಲ. 1 ಮಿಲಿಮೋಲಾರ್ ದ್ರಾವಣದಲ್ಲಿ, ಅದೇ 100ರ ವೇಗದಲ್ಲಿ ಅಂತರ 135ರಿಂದ 78ಕ್ಕೆ ಬಿತ್ತು. ಕಳ್ಳ ರೋಧವೇ, ಎಲೆಕ್ಟ್ರೋಡ್ ನಿರಪರಾಧಿ.

ಎಷ್ಟು ರೋಧ? ಪ್ರತಿ ಶೃಂಗವೂ ಪ್ರವಾಹ ಮತ್ತು ರೋಧದ ಗುಣಲಬ್ಧದಷ್ಟು ತನ್ನ ಕಡೆಗೆ ಜರುಗುತ್ತದೆ. ಸುಮಾರು 70 ಮಿಲಿವೋಲ್ಟ್ ಹೆಚ್ಚುವರಿ ಎಂದರೆ ಒಂದೊಂದಕ್ಕೆ 35. ಅದನ್ನು 79 ಮೈಕ್ರೋಆಂಪಿಯರ್‌ನಿಂದ ಭಾಗಿಸಿದರೆ 440 ಓಮ್ ಹತ್ತಿರ. ಪೊಟ್ಯಾಸಿಯಂ ಕ್ಲೋರೈಡನ್ನು 0.1ರಿಂದ 1 ಮೋಲಾರ್‌ಗೆ ಏರಿಸಿ ನೋಡಿದೆ, ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅಂದರೆ ರೋಧ ದ್ರಾವಣದಲ್ಲಿಲ್ಲ. ಮಲ್ಟಿಮೀಟರ್ ಹಿಡಿದು ಕಾರ್ಬನ್ ಎಲೆಕ್ಟ್ರೋಡಿನ ತಂತಿಯನ್ನು ಅಳೆದೆ. ಉಪ್ಪುನೀರು ಸಿಡಿದು ಹಸಿರುಗಟ್ಟಿದ್ದ ಕ್ಲಿಪ್ಪಿನಲ್ಲೇ 400 ಓಮ್ ದಾಟಿತ್ತು. ಅಲುಗಿಸಿದರೆ ಅಂಕಿ ಕುಣಿಯುತ್ತಿತ್ತು. ಈ ಯಂತ್ರದಲ್ಲಿ ಪ್ರವಾಹಕ್ಕೆ ಮತ್ತು ವೋಲ್ಟೇಜ್ ಅಳೆಯುವುದಕ್ಕೆ ಬೇರೆ ಬೇರೆ ತಂತಿಗಳಿಲ್ಲ, ಆದ್ದರಿಂದ ಕ್ಲಿಪ್ಪಿನ ರೋಧ ನೇರವಾಗಿ ನನ್ನ ಶೃಂಗಗಳ ಮೇಲೆ ಬೀಳುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹೊಸ ಕ್ಲಿಪ್ಪನ್ನು ಬೆಸುಗೆ ಹಾಕಿದೆ. 25ರಿಂದ 400ರವರೆಗೆ ಎಲ್ಲ ವೇಗಗಳಲ್ಲೂ ಅಂತರ 64 ಮತ್ತು 70ರ ನಡುವೆ ನಿಂತಿತು. ನನ್ನ ಕೋಪವೂ ಇಳಿಯಿತು. ಯಂತ್ರದ ಒಳಗಿನ ಸರ್ಕ್ಯೂಟ್ ಈ ಬೆಲೆಗೆ ನಿಜಕ್ಕೂ ಒಳ್ಳೆಯದು. ಬೋಧನೆಗೆ ಧಾರಾಳವಾಗಿ ಸಾಕು, ಸೆಕೆಂಡಿಗೆ ಹತ್ತಾರು ವೋಲ್ಟ್ ಓಡಿಸಬೇಕಾದ ಸಂಶೋಧನೆಗೆ ಬೇಡ. ಮರಳುವ ಶೃಂಗದ ಎತ್ತರವನ್ನು ತಂತ್ರಾಂಶ ಸೊನ್ನೆಯಿಂದ ಅಳೆಯುತ್ತದೆ, ಅದನ್ನು ನಂಬದೆ ಇಳಿಯುವ ಪ್ರವಾಹದ ಜಾಡನ್ನು ಮುಂದಕ್ಕೆ ಎಳೆದು ಅಲ್ಲಿಂದ ಅಳೆಯಿರಿ. ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಕೇಬಲ್ ತಿಂದಿತು.

ಹಳೆಯ ಕ್ಲಿಪ್ಪನ್ನು ಎಸೆದಿಲ್ಲ. ಪ್ರತಿ ಹೊಸ ತಂಡಕ್ಕೂ ಮೊದಲ ದಿನ, ಏನೂ ಹೇಳದೆ, ಅದನ್ನೇ ಹಾಕಿಕೊಡುತ್ತೇನೆ.