ಇನ್ವರ್ಟರ್ ಆ್ಯಪ್ 340 ಎನ್ನುತ್ತದೆ, ಬಿಲ್ 154 ಎನ್ನುತ್ತದೆ: ಮೂರು ವರ್ಷದ ಬಳಕೆಯ ನಂತರದ ವಿಮರ್ಶೆ

ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ 3 ಕಿಲೋವ್ಯಾಟ್‌ನ ಸೋಲಾರ್ ಘಟಕ ಮೂರು ವರ್ಷದಿಂದ ನಡೆಯುತ್ತಿದೆ. ಇನ್ವರ್ಟರ್ ಇದುವರೆಗೆ ತೊಂದರೆ ಕೊಟ್ಟಿಲ್ಲ. ತಲೆನೋವು ಕೊಟ್ಟಿದ್ದು ಅದರ ಆ್ಯಪ್, ಅದೂ ನಾನು ಅದನ್ನು ತಪ್ಪಾಗಿ ಓದುತ್ತಿದ್ದುದರಿಂದ.

ಆ್ಯಪ್ ತೋರಿಸುವುದು ಇನ್ವರ್ಟರ್‌ನಿಂದ ಹೊರಬಂದ ಒಟ್ಟು ಉತ್ಪಾದನೆಯನ್ನು. ಗೇಟಿನ ಬಳಿಯ ನೆಟ್ ಮೀಟರ್‌ಗೆ ಆ ಒಟ್ಟು ಮೊತ್ತ ಗೊತ್ತೇ ಇರುವುದಿಲ್ಲ. ಹಗಲಿನಲ್ಲಿ ಫ್ರಿಜ್ಜು, ನೀರಿನ ಮೋಟಾರು ಬಳಸಿ ಉಳಿದ ವಿದ್ಯುತ್ತು ಲೈನಿಗೆ ಹೋದಾಗ ಅದನ್ನು ಎಕ್ಸ್‌ಪೋರ್ಟ್ ಎಂದೂ, ಲೈನಿನಿಂದ ಮನೆಗೆ ಬಂದದ್ದನ್ನು ಇಂಪೋರ್ಟ್ ಎಂದೂ ಅದು ದಾಖಲಿಸುತ್ತದೆ. ಹಾಗಾಗಿ ಆ್ಯಪ್‌ನ ಉತ್ಪಾದನೆಯನ್ನು ಬಿಲ್ಲಿನ ಎಕ್ಸ್‌ಪೋರ್ಟ್ ಜೊತೆ ಹೋಲಿಸಿ ದೂರು ಬರೆದರೆ, ಆ ದೂರು ಮೊದಲ ಸಾಲಿನಲ್ಲೇ ಬಿದ್ದುಹೋಗುತ್ತದೆ. ಮೊದಲ ವರ್ಷ ನಾನು ಬರೆದದ್ದು ಅಂಥದ್ದೇ ದೂರು.

ಹೋಲಿಸಬೇಕಾದದ್ದು ಇನ್ವರ್ಟರ್ ಮತ್ತು ಅದರ ಪಕ್ಕದಲ್ಲಿರುವ ಸೋಲಾರ್ ಉತ್ಪಾದನಾ ಮೀಟರ್‌ಗಳನ್ನು. ಆಗಲೂ ಆ್ಯಪ್‌ನ ತಿಂಗಳ ಪಟ್ಟಿಯನ್ನು ಬಳಸಬಾರದು, ಏಕೆಂದರೆ ಆ್ಯಪ್‌ನ ತಿಂಗಳು ಒಂದನೆಯ ತಾರೀಖಿಗೆ ಶುರುವಾದರೆ ಬಿಲ್ಲಿನ ತಿಂಗಳು ರೀಡಿಂಗ್ ತೆಗೆದ ದಿನಕ್ಕೆ ಶುರುವಾಗುತ್ತದೆ. ಜೊತೆಗೆ ವೈಫೈ ಹೋದ ದಿನಗಳ ದಾಖಲೆ ಕೆಲವೊಮ್ಮೆ ಆ್ಯಪ್‌ಗೆ ಸೇರದೆ ಉಳಿಯುತ್ತದೆ. ಇನ್ವರ್ಟರ್‌ನ ಪರದೆಯಲ್ಲಿ ಕಾಣುವ E-Total ಅಂಕಿ ಯಂತ್ರದೊಳಗೇ ಎಣಿಕೆಯಾಗುವುದರಿಂದ ನಾನು ನಂಬುವುದು ಅದನ್ನೇ. ರೀಡಿಂಗ್‌ನವರು ಬಂದ ಹೊತ್ತಿಗೆ E-Total, ಉತ್ಪಾದನಾ ಮೀಟರ್, ನೆಟ್ ಮೀಟರ್‌ನ ಎರಡು ಅಂಕಿಗಳು, ಈ ನಾಲ್ಕನ್ನೂ ಫೋಟೋ ತೆಗೆದಿಡುತ್ತೇನೆ.

ಕಳೆದ ಫೆಬ್ರವರಿ 3ರಿಂದ ಮಾರ್ಚ್ 3ರವರೆಗಿನ ಲೆಕ್ಕ ಹೀಗಿತ್ತು. E-Total 340 ಯೂನಿಟ್ ಏರಿತ್ತು, ಉತ್ಪಾದನಾ ಮೀಟರ್ 331. ನೆಟ್ ಮೀಟರ್‌ನಲ್ಲಿ ಎಕ್ಸ್‌ಪೋರ್ಟ್ 214, ಇಂಪೋರ್ಟ್ 118. ಮೊದಲೆರಡು ಅಂಕಿಗಳ ನಡುವಿನ 9 ಯೂನಿಟ್, ಅಂದರೆ ಸುಮಾರು ಶೇ 2.7ರ ಅಂತರ, ಜಗಳಕ್ಕೆ ತಕ್ಕದ್ದಲ್ಲ. ಮೀಟರ್‌ನ ಮುಖದ ಮೇಲೆ Class 1.0 ಎಂದು ಬರೆದಿರುತ್ತದೆ. ಅದು ಶೇ 1ರ ಮಿತಿಗೆ ಪರೀಕ್ಷೆಯಾದ ಉಪಕರಣ. ಇನ್ವರ್ಟರ್‌ನೊಳಗಿನ ಅಳತೆ ಬಿಲ್ಲಿಗಾಗಿ ಮಾಡಿದ್ದಲ್ಲ, ಅದಕ್ಕೆ ಅಷ್ಟು ಬಿಗಿ ಇರುವುದಿಲ್ಲ.

ಅಂತರ ಸಹಜವೋ ದೋಷವೋ ಎಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಮೋಡವಿಲ್ಲದ ಮಧ್ಯಾಹ್ನ ಉತ್ಪಾದನಾ ಮೀಟರ್‌ನ ಮಿನುಗುವ ಕೆಂಪು ದೀಪವನ್ನು ಐದು ನಿಮಿಷ ವಿಡಿಯೋ ಮಾಡಿ, ನಿಧಾನವಾಗಿ ಓಡಿಸಿ ಎಣಿಸಿದೆ (ಮಗಳು ನಕ್ಕಳು): 280 ಮಿನುಗು. ಮೀಟರ್‌ನ ಮೇಲೆ 1600 imp/kWh ಎಂದಿತ್ತು, ಅಂದರೆ 1600 ಮಿನುಗಿಗೆ ಒಂದು ಯೂನಿಟ್. ಆ ಲೆಕ್ಕದಲ್ಲಿ ಐದು ನಿಮಿಷಕ್ಕೆ 0.175 ಯೂನಿಟ್, ಗಂಟೆಗೆ 2.1. ಇನ್ವರ್ಟರ್ ಆಗ ತೋರಿಸುತ್ತಿದ್ದದ್ದು 2.16 ಕಿಲೋವ್ಯಾಟ್. ತಿಂಗಳ ಲೆಕ್ಕದಲ್ಲಿದ್ದ ಅಂತರವೇ ಇಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಹೀಗೆ ಒಂದೇ ಪ್ರಮಾಣದಲ್ಲಿ ಉಳಿಯುವ ಅಂತರ ಅಳತೆಯ ಸ್ವಭಾವ. ಒಂದು ತಿಂಗಳು ಶೇ 2 ಇದ್ದು ಮರುತಿಂಗಳು ಶೇ 15ಕ್ಕೆ ಹಾರಿದರೆ ಮಾತ್ರ ವೈರಿಂಗ್ ಅಥವಾ ಮೀಟರ್ ನೋಡಿಸಬೇಕು.

ಉತ್ಪಾದನೆ 331ರಲ್ಲಿ ಎಕ್ಸ್‌ಪೋರ್ಟ್ 214 ಕಳೆದರೆ ಮನೆ ನೇರವಾಗಿ ಬಳಸಿದ್ದು 117. ಅದಕ್ಕೆ ಇಂಪೋರ್ಟ್ 118 ಸೇರಿಸಿದರೆ ತಿಂಗಳ ಒಟ್ಟು ಬಳಕೆ 235, ದಿನಕ್ಕೆ ಎಂಟೂವರೆ ಯೂನಿಟ್‌ನಷ್ಟು. ಸೋಲಾರ್ ಹಾಕಿಸುವ ಮೊದಲಿನ ಬಿಲ್ಲುಗಳೂ ಇದೇ ಆಸುಪಾಸಿನಲ್ಲಿದ್ದವು, ಹಾಗಾಗಿ ಮೀಟರ್‌ಗಳು ಸರಿಯಾಗಿವೆ ಎಂದು ಖಚಿತವಾಯಿತು.

ಆದರೂ ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ 154 ಎಂದಿತ್ತು. ಹಿಂದಿನ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಿದಾಗ ಕಾರಣ ಸಿಕ್ಕಿತು: ಫೆಬ್ರವರಿ ಬಿಲ್ಲಿನ ಕೊನೆಯ ರೀಡಿಂಗ್ 4386, ಮಾರ್ಚ್ ಬಿಲ್ಲಿನ ಹಿಂದಿನ ರೀಡಿಂಗ್ 4446. ಒಂದೇ ಆಗಿರಬೇಕಾದ ಅಂಕಿ 60 ಯೂನಿಟ್ ಜಿಗಿದಿತ್ತು. ಅರ್ಜಿಯಲ್ಲಿ ಆ್ಯಪ್‌ನ ಹೆಸರನ್ನೇ ಎತ್ತದೆ, ಎರಡು ಬಿಲ್ಲುಗಳ ಪ್ರತಿ ಮತ್ತು ಎರಡೂ ದಿನಗಳ ನೆಟ್ ಮೀಟರ್ ಫೋಟೋಗಳನ್ನು ಲಗತ್ತಿಸಿ ಉಪವಿಭಾಗ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಮುಂದಿನ ಬಿಲ್ಲಿನಲ್ಲಿ 60 ಯೂನಿಟ್ ಹೊಂದಾಣಿಕೆಯಾಯಿತು.

ರೀಡಿಂಗ್‌ಗಳ ಕೊಂಡಿ ಸರಿಯಿದ್ದೂ ಮೀಟರ್ ಮೇಲೆಯೇ ಅನುಮಾನ ಉಳಿದವರು, ಗ್ರಾಹಕರ ಹಕ್ಕುಗಳ ಕುರಿತ ಕೇಂದ್ರದ 2020ರ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯನ್ನು ಉಲ್ಲೇಖಿಸಿ ಹೆಚ್ಚುವರಿ ಮೀಟರ್ ಕೇಳಬಹುದು. ದೂರು ಬಂದ ಐದು ದಿನದೊಳಗೆ ಅದನ್ನು ಅಳವಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕೆಂದು ಅದರಲ್ಲಿದೆ.

ಆ್ಯಪ್‌ಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಪ್ಯಾನೆಲ್ ಮೇಲೆ ಧೂಳು ಕೂತದ್ದನ್ನು ಅದು ವಾರದೊಳಗೇ ತಿಳಿಸುತ್ತದೆ. ಬಿಲ್ಲಿನ ಲೆಕ್ಕಕ್ಕೆ ಮಾತ್ರ ನಾನು ಅದನ್ನು ತೆರೆಯುವುದಿಲ್ಲ.