ಕರೆಂಟ್ ಹೋದರೂ ಮಾತ್ರೆಯ ನೆನಪು: ಯಾವ ಅಲಾರಾಂ ನಂಬಬೇಕು?

ಗದಗ ಕಡೆಯ ಹಳ್ಳಿಯಲ್ಲಿರುವ ಅವ್ವನಿಗೆ ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ ನೆನಪಿಸಬೇಕು ಅಂದುಕೊಳ್ಳಿ. ರಾತ್ರಿ ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದು ಹೋಗುತ್ತದೆ.

ಸರ್ವರ್‌ನಿಂದ ನೋಟಿಫಿಕೇಶನ್ ಕಳಿಸುವ ಆ್ಯಪ್ ಇಲ್ಲಿ ಬೇಡ. ನೆಟ್ ಇಲ್ಲದಿದ್ದರೆ 6ರ ನೆನಪು 9ಕ್ಕೆ ಬರುತ್ತದೆ. ಅಷ್ಟೊತ್ತಿಗೆ ಅವ್ವನ ಚಹಾ, ನಾಷ್ಟಾ ಎರಡೂ ಮುಗಿದಿರುತ್ತದೆ.

ಆಫ್‌ಲೈನ್ ರಿಮೈಂಡರ್ ಆ್ಯಪ್ ಸಮಯವನ್ನು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ಯಾವ ಮಾತ್ರೆ, ತಗೊಂಡ್ರಾ ಇಲ್ವಾ ಅಂತ ಬರೆದಿಡಲೂ ಬರುತ್ತದೆ. ಆದರೆ ಫೋನ್ ಆಫ್ ಆದರೆ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಇಟ್ಟ ಅಲಾರಾಂಗಳು ಅಳಿಸಿಹೋಗುತ್ತವೆ. ಆನ್ ಆದ ಮೇಲೆ ಆ್ಯಪ್ ಅವನ್ನು ಮತ್ತೆ ಇಡಬೇಕು. ಎಷ್ಟೋ ಆ್ಯಪ್‌ಗಳಿಗೆ ಫೋನ್ ಅನ್‌ಲಾಕ್ ಆಗುವವರೆಗೆ ಆ ಕೆಲಸ ಆಗುವುದಿಲ್ಲ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕೂಡ ಅಡ್ಡ ಬರುತ್ತದೆ. ಆ ಆ್ಯಪ್‌ಗೆ ಮಾತ್ರ ಆ ಸೆಟ್ಟಿಂಗ್ ಆಫ್ ಮಾಡಿ.

ಫೋನಿನ ಜೊತೆಗೇ ಬರುವ ಕ್ಲಾಕ್ ಅಲಾರಾಂಗೆ ಈ ತೊಂದರೆ ಬಹಳ ಕಡಿಮೆ. ಜೋರಾಗಿ ಬಾರಿಸುತ್ತದೆ, ಹೆಸರೂ ಕೊಡಬಹುದು: ‘ಥೈರಾಯ್ಡ್ ಮಾತ್ರೆ, ಬರೀ ಹೊಟ್ಟೆ’. ದಿನಾ ಒಂದೇ ಹೊತ್ತಿನ ಮಾತ್ರೆಗೆ ನನ್ನ ಆಯ್ಕೆ ಇದೇ. ಮಾತ್ರೆ ಜಾಸ್ತಿ ಇದ್ದರೆ ಮಾತ್ರ ಆ್ಯಪ್ ಜೊತೆಗಿರಲಿ.

ಪರೀಕ್ಷೆ ಸುಲಭ. ಏರೋಪ್ಲೇನ್ ಮೋಡ್ ಹಾಕಿ, 10 ನಿಮಿಷದ ನಂತರಕ್ಕೆ ಅಲಾರಾಂ ಇಡಿ, ರೀಸ್ಟಾರ್ಟ್ ಮಾಡಿ, ಅನ್‌ಲಾಕ್ ಮಾಡದೆ ಸುಮ್ನೆ ಬಿಡಿ. ಬಾರಿಸಿದರೆ ನಂಬಬಹುದು.

ಚಾರ್ಜ್ ಪೂರ್ತಿ ಮುಗಿದರೆ ಮಾತ್ರ ಯಾವುದೂ ಬಾರಿಸದು. ಅದಕ್ಕೆ ಒಂದು ಸೆಲ್ಲಿನ ಅಲಾರಾಂ ಗಡಿಯಾರ ಅವ್ವನ ತಲೆದಿಂಬಿನ ಹತ್ತಿರ ಇರಲಿ.