ಏಳು ವರ್ಷದ ವಾರಂಟಿ, ಎರಡನೆಯ ಮಳೆಗಾಲಕ್ಕೇ ಜಿನುಗಿದ ತಾರಸಿ

ಉಡುಪಿಯ ನಮ್ಮ ಮನೆಯ 1,100 ಚದರ ಅಡಿ ತಾರಸಿಗೆ 2023ರ ಏಪ್ರಿಲ್‌ನಲ್ಲಿ ಚದರ ಅಡಿಗೆ 45 ರೂಪಾಯಿಯಂತೆ 49,500 ರೂಪಾಯಿ ಕೊಟ್ಟು ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಗುತ್ತಿಗೆದಾರರು ತಮ್ಮ ಲೆಟರ್‌ಹೆಡ್‌ನಲ್ಲಿ ಏಳು ವರ್ಷದ ವಾರಂಟಿ ಬರೆದು, ಮೊಹರು ಹಾಕಿ ಕೊಟ್ಟಿದ್ದರು. ಆ ವರ್ಷದ ಮಳೆಗಾಲ ತೊಂದರೆಯಿಲ್ಲದೆ ಕಳೆಯಿತು. ಮರುವರ್ಷ ಜೂನ್ ಕೊನೆಯ ಹೊತ್ತಿಗೆ ಮಲಗುವ ಕೋಣೆಯ ಮೂಲೆಯಲ್ಲಿ, ಹಿಂದೆ ಸೋರುತ್ತಿದ್ದ ಜಾಗದಲ್ಲೇ, ಸೀಲಿಂಗಿನ ಬಣ್ಣ ಉಬ್ಬಿ ನೀರು ಜಿನುಗತೊಡಗಿತು.

ಫೋನ್ ಮಾಡಿದಾಗ ಅವರು, "ಸರ್, ಹಸಿ ಸ್ಲ್ಯಾಬಿಗೆ ಕೋಟಿಂಗ್ ಹಿಡಿಯುವುದಿಲ್ಲ, ಮಳೆ ನಿಲ್ಲಲಿ, ಬರುತ್ತೇನೆ" ಎಂದರು. ಅದು ಸುಳ್ಳಲ್ಲ. ನಮ್ಮ ತಾರಸಿಗೆ ಬಳಿದಿದ್ದಂತಹ ಅಕ್ರಿಲಿಕ್ ಲೇಪ ಅಂಟಿಕೊಳ್ಳಬೇಕಾದರೆ ಮೇಲ್ಮೈ ಒಣಗಿರಲೇಬೇಕು. ಆದರೆ ಅಕ್ಟೋಬರ್ ಕೊನೆಗೆ ಅವರು ಬಂದಾಗ ಸೀಲಿಂಗೂ ಒಣಗಿತ್ತು. "ಎಲ್ಲಿದೆ ಸರ್ ಲೀಕೇಜ್? ಇದು ಹಳೆಯ ಕಲೆ" ಎಂದು ಹೇಳಿ ಹೊರಟುಹೋದರು. ಸೋರಿಕೆ ಕಾಣುವುದು ಮಳೆಯಲ್ಲಿ, ದುರಸ್ತಿ ಸಾಧ್ಯವಾಗುವುದು ಬಿಸಿಲಿನಲ್ಲಿ. ಈ ಎರಡರ ನಡುವೆ ನಮ್ಮ ವಾರಂಟಿ ಸಿಕ್ಕಿಹಾಕಿಕೊಂಡಿತು. ನಾನು ಜೂನ್‌ನಲ್ಲೇ ದಿನಾಂಕ ಕಾಣುವ ಫೋಟೊಗಳೊಂದಿಗೆ ಬರಹದಲ್ಲಿ ದೂರು ಕೊಟ್ಟು, ಮಳೆಯಿರುವಾಗಲೇ ಬಂದು ನೋಡಿ ಸಹಿ ಮಾಡಿ ಹೋಗಿ, ದುರಸ್ತಿಯನ್ನು ಬೇಕಾದರೆ ಬೇಸಿಗೆಯಲ್ಲಿ ಮಾಡಿ ಎಂದು ಕೇಳಬೇಕಿತ್ತು. ನನ್ನ ಬಳಿ ಇದ್ದದ್ದು ಹದಿನಾಲ್ಕು ಫೋನ್ ಕರೆಗಳ ಪಟ್ಟಿ ಮಾತ್ರ.

ವಾರಂಟಿ ಪತ್ರವನ್ನು ನಿಧಾನವಾಗಿ ಓದಿದ್ದು ಆಮೇಲೆ. "ಗೋಡೆ ಅಥವಾ ಸ್ಲ್ಯಾಬಿನ ಬಿರುಕಿನಿಂದ ಬರುವ ಸೋರಿಕೆಗೆ ನಾವು ಹೊಣೆಯಲ್ಲ" ಎಂದು ಒಂದು ಸಾಲಿತ್ತು. "ಮೆಟೀರಿಯಲ್ ಉಚಿತ" ಎಂದು ಇನ್ನೊಂದು ಸಾಲಿತ್ತು. ಎರಡನೆಯದನ್ನು ನಾನು ಉಚಿತ ದುರಸ್ತಿ ಎಂದೇ ತಿಳಿದಿದ್ದೆ. ಕೂಲಿ ನಿಮ್ಮದು ಎಂಬುದು ಅದರ ಅರ್ಥವಂತೆ. ಯಾವ ಕಂಪನಿಯ ಯಾವ ಲೇಪ, ಎಷ್ಟು ಕೋಟ್ ಎಂಬ ವಿವರ ಪತ್ರದಲ್ಲಿ ಇರಲೇ ಇಲ್ಲ. ಅದೃಷ್ಟಕ್ಕೆ, ಹಳೆಯ ಕೊಟೇಶನ್ ಕಾಗದ ಕಪಾಟಿನಲ್ಲಿ ಉಳಿದಿತ್ತು: ಎರಡು ಕೋಟ್, ನಡುವೆ ಫೈಬರ್ ಮೆಷ್, ಗೋಡೆಯ ಮೇಲೆ ಒಂದು ಅಡಿಯವರೆಗೆ ಲೇಪ.

ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರು ನೀರು ನಿಲ್ಲಿಸಿ ಪರೀಕ್ಷಿಸಲು ಹೇಳಿದರು. ಡಿಸೆಂಬರ್‌ನಲ್ಲಿ, ಗುತ್ತಿಗೆದಾರರಿಗೆ ವಾಟ್ಸ್ಆ್ಯಪ್‌ನಲ್ಲಿ ದಿನಾಂಕ ತಿಳಿಸಿ, ನೀರು ಹೋಗುವ ಪೈಪುಗಳ ಬಾಯಿ ಮುಚ್ಚಿ, ಆ ಮೂಲೆಯ ಸುತ್ತ ಸಣ್ಣ ಕಟ್ಟೆ ಕಟ್ಟಿಸಿ, ಎರಡು ಇಂಚು ನೀರು ನಿಲ್ಲಿಸಿದೆವು. ಕೆಳಗೆ ಸೀಲಿಂಗಿನ ಹಳೆಯ ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ, ಗಂಟೆ ಬರೆದೆವು. ನಿಂತ ನೀರಿನ ಮಟ್ಟಕ್ಕಿಂತ ಮೇಲಿನ ಪ್ಯಾರಾಪೆಟ್ ಗೋಡೆಗೆ ಮಾತ್ರ ಒಂದು ಹನಿಯೂ ಬೀಳದಂತೆ ನೋಡಿಕೊಂಡೆವು, ಏಕೆಂದರೆ ವಾರಂಟಿ ಪತ್ರದ ಆ ಸಾಲು ಹಿಡಿದು ಗುತ್ತಿಗೆದಾರರು ಗೋಡೆಯ ಬಿರುಕಿನ ಮೇಲೆ ತಪ್ಪು ಹೊರಿಸಬಹುದಿತ್ತು. ಗೋಡೆಗೆ ನೀರು ಚಿಮುಕಿಸಿದಾಗ ಮಾತ್ರ ತೇವ ಬಂದಿದ್ದರೆ ಅವರ ಮಾತೇ ಸರಿಯಾಗುತ್ತಿತ್ತು. ಮೂವತ್ತನೆಯ ಗಂಟೆಗೆ ತೇವ ಪೆನ್ಸಿಲ್ ಗೆರೆ ದಾಟಿತು. ನಿಂತ ನೀರಿನ ಮಟ್ಟದಲ್ಲೇ, ಗೋಡೆ ಮತ್ತು ಸ್ಲ್ಯಾಬು ಕೂಡುವ ಕಡೆ ದೋಷವಿತ್ತು.

ಲೇಪವನ್ನು ನಾವೇ ಕೆತ್ತಿ ನೋಡುವ ಆಸೆಯಾಗಿತ್ತು. ಹಾಗೆ ಮಾಡಿದ್ದರೆ "ಬೇರೆಯವರು ಕೈ ಹಾಕಿದ್ದಾರೆ" ಎಂದು ವಾರಂಟಿಯನ್ನೇ ರದ್ದು ಮಾಡಲು ಅವರಿಗೆ ದಾರಿಯಾಗುತ್ತಿತ್ತು. ನೀರು ನಿಲ್ಲಿಸಿದ ಪರೀಕ್ಷೆಯ ವಿಡಿಯೊ ನೋಡಿದ ಮೇಲೆ ಅವರೇ ಬಂದರು, ಅವರ ಕೆಲಸದವರೇ ಆ ಮೂಲೆಯಲ್ಲಿ ಅಂಗೈಯಗಲ ಲೇಪ ಬಿಡಿಸಿದರು. ಒಳಗೆ ಮೆಷ್ ಇರಲಿಲ್ಲ, ಗೋಡೆಯ ಮೇಲಿನ ಲೇಪ ಮೂರು ಇಂಚಿಗೇ ನಿಂತಿತ್ತು. ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗುವಾಗ ಮೊದಲು ಬಾಯಿ ಬಿಡುವುದು ಈ ಸಂದೇ. ಮೆಷ್ ಇಲ್ಲದ ಲೇಪ ಅಲ್ಲಿ ಕೂದಲೆಳೆಯಷ್ಟು ಸೀಳಿದರೂ ನೀರಿಗೆ ಸಾಕು. ಅಲ್ಲಿಗೆ ವಿಷಯ ವಾರಂಟಿಯ ಷರತ್ತುಗಳನ್ನು ದಾಟಿ, ಕೊಟೇಶನ್‌ನಂತೆ ಕೆಲಸವನ್ನೇ ಮಾಡಿಲ್ಲ ಎಂಬ ಸೇವಾ ನ್ಯೂನತೆಯ ಪ್ರಶ್ನೆಯಾಯಿತು.

ಆದರೂ ಅವರು 9,000 ರೂಪಾಯಿ ಕೂಲಿ ಕೇಳಿದರು. ಕೊಟೇಶನ್, ಪರೀಕ್ಷೆಯ ಫೋಟೊ, ಮೆಷ್ ಇಲ್ಲದ ಮೂಲೆಯ ಫೋಟೊಗಳನ್ನು ಲಗತ್ತಿಸಿ, ಹದಿನೈದು ದಿನದಲ್ಲಿ ಉಚಿತವಾಗಿ ಸರಿಪಡಿಸದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. "ಮುಂದಿನ ಬೇಸಿಗೆಗೆ ನೋಡೋಣ" ಎಂಬ ಮಾತಿಗೆ ಎರಡು ಸಲ ತಲೆಯಾಡಿಸಿದರೆ ಆ ಅವಧಿ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ.

ಮಾರ್ಚ್‌ನಲ್ಲಿ ಬಂದು ಆ ಮೂಲೆಯ ಹದಿನಾಲ್ಕು ಅಡಿ ಉದ್ದವನ್ನು ಮೆಷ್ ಹಾಕಿ ಮತ್ತೆ ಮಾಡಿಕೊಟ್ಟರು, ಕೂಲಿ ಕೇಳಲಿಲ್ಲ. ಉಳಿದ ಮೂರು ಬದಿಗಳಲ್ಲಿ ಮೆಷ್ ಇದೆಯೇ ಎಂದು ಬಿಡಿಸಿ ತೋರಿಸಲು ಮಾತ್ರ ಒಪ್ಪಲಿಲ್ಲ. ಹಾಗಾಗಿ ಆ ಬದಿಗಳ ಕೆಳಗಿನ ಸೀಲಿಂಗಿನ ಫೋಟೊಗಳನ್ನು ಮಳೆಗೆ ಮೊದಲೇ ದಿನಾಂಕದೊಂದಿಗೆ ತೆಗೆದು, ಅವರಿಗೂ ಒಂದು ಪ್ರತಿ ಕಳುಹಿಸಿಟ್ಟಿದ್ದೇನೆ.